ಎಲ್ಲ ಟೆಸ್ಟ್ ಸರಿ ಬಂದರೂ ಟ್ರಿಪ್ ಆದ ಟ್ಯಾಪ್ ಚೇಂಜರ್: ತುಂಡಾದ ಒಂದು ರೆಸಿಸ್ಟರ್‌ನ ಪ್ರಕರಣ

ಇದು ನಾನೇ ಹತ್ತಿರದಿಂದ ನೋಡಿದ ಪ್ರಕರಣ. ಸ್ಟೇಷನ್, ಸಂಸ್ಥೆ, ತಯಾರಕರು, ಜನ ಯಾರ ಹೆಸರೂ ಇಲ್ಲಿಲ್ಲ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ಸ್ವಲ್ಪ ದುಂಡು ಮಾಡಿದ್ದೇನೆ. ಉಳಿದದ್ದು ನಡೆದ ಹಾಗೇ ಇದೆ.

ಹಿನ್ನೆಲೆ

ಟ್ರಾನ್ಸ್‌ಫಾರ್ಮರ್ 132/33 ಕೆವಿ, 50 ಎಂವಿಎ. 132 ಕೆವಿ ಕಡೆ ಪೂರ್ತಿ ಲೋಡಿನಲ್ಲಿ ಸುಮಾರು 220 ಆಂಪಿಯರ್. ವೋಲ್ಟೇಜ್ ಹೊಂದಿಸಲು ವೈಂಡಿಂಗಿನ ಸುತ್ತುಗಳನ್ನು ಹೆಚ್ಚು ಕಡಿಮೆ ಮಾಡುವ ಟ್ಯಾಪ್‌ಗಳು ಅದೇ ಕಡೆಯ ನ್ಯೂಟ್ರಲ್ ತುದಿಯಲ್ಲಿವೆ. ಒಂದು ಟ್ಯಾಪ್‌ಗೂ ಮುಂದಿನ ಟ್ಯಾಪ್‌ಗೂ ಶೇಕಡಾ 1.25 ವ್ಯತ್ಯಾಸ, ಅಂದರೆ ಒಂದು ಫೇಸ್‌ಗೆ ಸುಮಾರು 950 ವೋಲ್ಟ್. ಲೋಡ್ ಇರುವಾಗಲೇ ಟ್ಯಾಪ್ ಬದಲಿಸುವ ಈ ಟ್ಯಾಪ್ ಚೇಂಜರ್ ಹಳೆಯ ನಂಬಿಕಸ್ಥ ಮಾದರಿ: ಕೆಳಗೆ ಟ್ಯಾಪ್ ಸೆಲೆಕ್ಟರ್, ಮೇಲೆ ತನ್ನದೇ ಎಣ್ಣೆಯ ಕೋಣೆಯಲ್ಲಿ ಡೈವರ್ಟರ್ ಸ್ವಿಚ್.

ಇಬ್ಬರ ಕೆಲಸ ಬೇರೆ ಬೇರೆ. ಸೆಲೆಕ್ಟರ್ ಮುಂದಿನ ಟ್ಯಾಪನ್ನು ಮೊದಲೇ ಆರಿಸಿ ಇಡುತ್ತದೆ. ಆ ಹೊತ್ತಿಗೆ ಆ ಕಡೆ ಕರೆಂಟ್ ಇರುವುದಿಲ್ಲ, ಹಾಗಾಗಿ ಅಲ್ಲಿ ಕಿಡಿಯ ಮಾತಿಲ್ಲ. ಆಮೇಲೆ ಡೈವರ್ಟರ್ ಒಂದೇ ನೆಗೆತಕ್ಕೆ ಲೋಡನ್ನು ಈ ಕಡೆಯಿಂದ ಆ ಕಡೆಗೆ ದಾಟಿಸುತ್ತದೆ. ಬೆಸ ಟ್ಯಾಪ್‌ಗಳೆಲ್ಲ ಒಂದು ಕಡೆ, ಸಮ ಟ್ಯಾಪ್‌ಗಳೆಲ್ಲ ಇನ್ನೊಂದು ಕಡೆ. ಬೆಸದ ಕಡೆಯನ್ನು ಎ ಅಂತಲೂ ಸಮದ ಕಡೆಯನ್ನು ಬಿ ಅಂತಲೂ ಕರೆಯುತ್ತೇನೆ. ಮುಂದಿನ ಕಥೆಯೆಲ್ಲ ಈ ಎರಡು ಅಕ್ಷರಗಳ ಮೇಲೆ ನಿಂತಿದೆ.

ದಾಟುವಾಗಿನ ಕಷ್ಟ ಇಷ್ಟೇ. ಎ ಬಿಟ್ಟ ಮೇಲೆ ಬಿ ಹಿಡಿದರೆ ನಡುವೆ ಲೋಡ್ ಕಡಿದುಹೋಗುತ್ತದೆ. ಎ ಬಿಡುವ ಮುಂಚೆ ಬಿ ಹಿಡಿದರೆ ಆ 950 ವೋಲ್ಟಿನ ಸುತ್ತು ನೇರ ಶಾರ್ಟ್ ಆಗುತ್ತದೆ. ಅಷ್ಟು ಚಿಕ್ಕ ಸುತ್ತಿನ ಇಂಪಿಡೆನ್ಸ್ ತೀರಾ ಕಡಿಮೆ, ಕರೆಂಟ್ ಸಾವಿರಾರು ಆಂಪಿಯರ್‌ಗೆ ಏರುತ್ತದೆ. ಬಿಡಬೇಕು, ಆದರೆ ಬಿಡಬಾರದು. ಹಿಡಿಯಬೇಕು, ಆದರೆ ಪೂರ್ತಿ ಹಿಡಿಯಬಾರದು. 1920ರ ದಶಕದಲ್ಲಿ ಜರ್ಮನಿಯ ಬರ್ನ್‌ಹಾರ್ಡ್ ಯಾನ್ಸೆನ್ ಇದಕ್ಕೆ ಕಂಡುಕೊಂಡ ದಾರಿ ಇವತ್ತಿಗೂ ನಡೆಯುತ್ತಿದೆ: ಪ್ರತಿ ಕಡೆಗೂ ಒಂದೊಂದು ರೆಸಿಸ್ಟರ್, ಮತ್ತು ಸ್ಪ್ರಿಂಗಿನ ಬಲದಿಂದ ಅತಿ ವೇಗದ ನೆಗೆತ.

ನಮ್ಮ ಡೈವರ್ಟರಿನಲ್ಲಿ ಪ್ರತಿ ರೆಸಿಸ್ಟರ್ 4.3 ಓಮ್. ಎ ಇಂದ ಬಿಗೆ ಹೋಗುವಾಗ ಮೊದಲು ಎ ಕಡೆಯ ಮೇನ್ ಕಾಂಟ್ಯಾಕ್ಟ್ ತೆರೆದುಕೊಳ್ಳುತ್ತದೆ. ಲೋಡ್ ಎ ರೆಸಿಸ್ಟರಿಗೆ ಜಾರುತ್ತದೆ. ಸುಮಾರು 18 ಮಿಲಿಸೆಕೆಂಡ್ ಆದ ಮೇಲೆ ಬಿ ರೆಸಿಸ್ಟರ್ ಬಂದು ಸೇರುತ್ತದೆ. ಈಗ ಎರಡೂ ಟ್ಯಾಪ್ ಒಟ್ಟಿಗೆ ಹಿಡಿದಂತಾಯಿತು. ಆದರೆ ಸುತ್ತುವ ಕರೆಂಟಿನ ದಾರಿಯಲ್ಲಿ ಎರಡು ರೆಸಿಸ್ಟರ್ ಸಾಲಾಗಿ ನಿಂತಿವೆ:

```
Ic = E / (2R) = 950 / 8.6 ≈ 110 A
```

ಸಾವಿರಾರು ಆಂಪಿಯರ್ ಇರಬೇಕಾದ ಕಡೆ ಪೂರ್ತಿ ಲೋಡಿನ ಅರ್ಧದಷ್ಟು ಮಾತ್ರ. ಇನ್ನೊಂದು 8 ಮಿಲಿಸೆಕೆಂಡಿಗೆ ಎ ರೆಸಿಸ್ಟರ್ ಬಿಟ್ಟುಕೊಳ್ಳುತ್ತದೆ, ಲೋಡ್ ಬಿ ರೆಸಿಸ್ಟರ್ ಮೇಲೆ ಒಂಟಿಯಾಗಿ ಸುಮಾರು 20 ಮಿಲಿಸೆಕೆಂಡ್ ನಿಲ್ಲುತ್ತದೆ, ಕೊನೆಗೆ ಬಿ ಮೇನ್ ಕಾಂಟ್ಯಾಕ್ಟ್ ಮುಚ್ಚುತ್ತದೆ. ಒಟ್ಟು 46 ಮಿಲಿಸೆಕೆಂಡ್. 50 ಹರ್ಟ್ಜ್‌ನಲ್ಲಿ ಪ್ರತಿ 10 ಮಿಲಿಸೆಕೆಂಡಿಗೊಮ್ಮೆ ಕರೆಂಟ್ ಸೊನ್ನೆ ಮುಟ್ಟುತ್ತದೆ, ಆರ್ಕ್ ಆರುವುದು ಅಲ್ಲೇ. ಮೇನ್ ಬಿಟ್ಟಾಗಲೂ ರೆಸಿಸ್ಟರ್ ಬಿಟ್ಟಾಗಲೂ ಮುಂದಿನ ಕಾಂಟ್ಯಾಕ್ಟ್ ಬರುವ ಮುಂಚೆ ಒಂದಾದರೂ ಸೊನ್ನೆ ಸಿಗಲಿ ಅಂತಲೇ ಆ 18, ಆ 20.

ವೇಗ ಯಾಕೆ ಬೇಕು ಅನ್ನುವುದಕ್ಕೂ ಒಂದು ಲೆಕ್ಕ ನೋಡಿ. ಪೂರ್ತಿ ಲೋಡಿನಲ್ಲಿ ಒಂದು ರೆಸಿಸ್ಟರಿನಲ್ಲಿ ಹುಟ್ಟುವ ಶಾಖ ಸುಮಾರು 208 ಕಿಲೋವ್ಯಾಟ್. ಒಂದು ಕೆಜಿ ನೈಕ್ರೋಮ್ ತಂತಿ ಅಂದುಕೊಂಡರೆ 26 ಮಿಲಿಸೆಕೆಂಡಿನಲ್ಲಿ ಅದು ಬರೀ 12 ಡಿಗ್ರಿ ಬಿಸಿಯಾಗುತ್ತದೆ. ಅದೇ ಡೈವರ್ಟರ್ ನಡುವೆ ಸಿಕ್ಕಿಕೊಂಡು ಒಂದು ಸೆಕೆಂಡ್ ನಿಂತರೆ 460 ಡಿಗ್ರಿ ಏರುತ್ತದೆ. ಈ ರೆಸಿಸ್ಟರ್‌ಗಳು ಹಾದುಹೋಗುವ ಕರೆಂಟಿಗೆ ಮಾಡಿದವು, ನಿಂತು ಹೊರುವುದಕ್ಕಲ್ಲ.

ಆ ಸಂಜೆ

ಸಂಜೆ ಲೋಡ್ ಏರುತ್ತಿತ್ತು. 33 ಕೆವಿ ವೋಲ್ಟೇಜ್ ಇಳಿಯಿತು. ಆಟೊಮ್ಯಾಟಿಕ್ ರೆಗ್ಯುಲೇಟರ್ 7ರಿಂದ 8ಕ್ಕೆ ಆದೇಶ ಕೊಟ್ಟಿತು. ಮೋಟಾರ್ ತಿರುಗಿತು, ಸ್ಪ್ರಿಂಗ್ ಬಿಚ್ಚಿಕೊಂಡಿತು, ಅದರ ಜೊತೆಗೇ ಟ್ಯಾಪ್ ಚೇಂಜರಿನ ಸರ್ಜ್ ರಿಲೇ ಬಿದ್ದು ಟ್ರಾನ್ಸ್‌ಫಾರ್ಮರ್ ಟ್ರಿಪ್ ಆಯಿತು. ಆಗ 132 ಕೆವಿ ಕಡೆ ಸುಮಾರು 180 ಆಂಪಿಯರ್ ಇತ್ತು. ಒಳಬರುವ, ಹೊರಹೋಗುವ ಕರೆಂಟ್ ಹೋಲಿಸುವ ಡಿಫರೆನ್ಷಿಯಲ್ ರಿಲೇ ಸುಮ್ಮನಿತ್ತು. ಮೇನ್ ಟ್ಯಾಂಕಿನ ಬುಕ್‌ಹೋಲ್ಜ್ ರಿಲೇ ಕೂಡ ಸುಮ್ಮನಿತ್ತು.

ಈ ಸರ್ಜ್ ರಿಲೇ ಬುಕ್‌ಹೋಲ್ಜ್ ತರಹ ಗ್ಯಾಸ್ ಕೂಡಿಟ್ಟು ಅಲಾರಂ ಕೊಡುವುದಲ್ಲ. ಎಣ್ಣೆಯೊಳಗೆ ಆರ್ಕ್ ಆಗುವ ಡೈವರ್ಟರಿನಲ್ಲಿ ಪ್ರತಿ ಸಲವೂ ಒಂದಿಷ್ಟು ಗ್ಯಾಸ್ ಹುಟ್ಟುವುದು ಸಹಜ. ಹಾಗಾಗಿ ಅದು ನೋಡುವುದು ಎಣ್ಣೆ ಮೇಲಿನ ತೊಟ್ಟಿಯಾದ ಕನ್ಸರ್ವೇಟರ್ ಕಡೆಗೆ ರಭಸವಾಗಿ ನುಗ್ಗಿತೋ ಇಲ್ಲವೋ ಅನ್ನುವುದನ್ನು ಮಾತ್ರ. ನುಗ್ಗಿದೆ ಅಂದರೆ ಒಳಗೆ ಆರ್ಕ್ ಇರಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಇತ್ತು, ಅಥವಾ ಕರೆಂಟ್ ಜಾಸ್ತಿ ಇತ್ತು ಅಂತಲೇ ಅರ್ಥ. ಸುಮ್ನೆ ರಿಸೆಟ್ ಮಾಡಿ ಚಾರ್ಜ್ ಮಾಡುವಂಥ ರಿಲೇ ಇದಲ್ಲ. ಶಿಫ್ಟ್ ಎಂಜಿನಿಯರ್ ಅದನ್ನು ಮುಟ್ಟಲಿಲ್ಲ. ಇಡೀ ಪ್ರಕರಣದ ಮೊದಲ ಸರಿಯಾದ ತೀರ್ಮಾನ ಅದು.

ಸರಿ ಬಂದ ಟೆಸ್ಟ್‌ಗಳು

ಮರುದಿನ ಬೆಳಿಗ್ಗೆ ಎರಡೂ ಕಡೆ ಐಸೊಲೇಟ್ ಮಾಡಿ, ಅರ್ತ್ ಮಾಡಿ ಟೆಸ್ಟ್ ಶುರು ಮಾಡಿದೆವು. ಟರ್ನ್ಸ್ ರೇಶಿಯೊ ಎಲ್ಲ ಟ್ಯಾಪ್‌ನಲ್ಲೂ ಸರಿ. ಇನ್ಸುಲೇಶನ್ ಸರಿ. ವೈಂಡಿಂಗ್ ರೆಸಿಸ್ಟೆನ್ಸ್ 17 ಟ್ಯಾಪ್‌ಗೂ ತೆಗೆದೆವು, ಮೂರು ಫೇಸೂ ಹೊಂದಿಕೊಂಡಿದ್ದವು. ಮೇನ್ ಟ್ಯಾಂಕಿನ ಎಣ್ಣೆಯಲ್ಲಿ ಗ್ಯಾಸ್ ಏರಿರಲಿಲ್ಲ. ಡೈವರ್ಟರ್ ಎಣ್ಣೆ ಕಪ್ಪಾಗಿತ್ತು, ಅದರಲ್ಲಿ ಆರ್ಕ್‌ನಿಂದ ಹುಟ್ಟುವ ಅಸಿಟಿಲೀನ್ ಗ್ಯಾಸ್ ಜೋರಾಗಿತ್ತು. ಆದರೆ ಅಲ್ಲಿ ಅಸಿಟಿಲೀನ್ ಯಾವಾಗಲೂ ಇರುತ್ತದೆ ಅಲ್ವಾ, ಹಾಗಾಗಿ ಯಾರೂ ಅದಕ್ಕೆ ಬೆಲೆ ಕೊಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ರಿಲೇ ಮೇಲೇ ಅನುಮಾನ ಬಂತು. "ರಿಲೇ ತಪ್ಪಾಗಿ ಬಿದ್ದಿರಬಹುದು, ಎಣ್ಣೆ ಬದಲಾಯಿಸಿ ಚಾರ್ಜ್ ಮಾಡೋಣ" ಎಂಬ ಮಾತು ಗಟ್ಟಿಯಾಯಿತು. ನಾನೂ ಅದಕ್ಕೆ ಅರ್ಧ ಒಪ್ಪಿದ್ದೆ.

ಅಡ್ಡ ಬಂದದ್ದು ನಮ್ಮ ಹಿರಿಯ ಫಿಟ್ಟರ್. ಅವರು ಹೇಳಿದ್ದು: "ಸರ್, ನಾವು ಅಳೆದಿದ್ದೆಲ್ಲ ಅದು ಕೂತಾಗ. ಬಿದ್ದಿದ್ದು ಹಾರುವಾಗ."

ಅವರ ಮಾತು ನನ್ನನ್ನು ನಿಲ್ಲಿಸಿತು. ಡೈವರ್ಟರ್ ಒಂದು ಕಡೆ ಕೂತಾಗ ಮೇನ್ ಕಾಂಟ್ಯಾಕ್ಟ್ ಮುಚ್ಚಿರುತ್ತದೆ, ರೆಸಿಸ್ಟರಿನಲ್ಲಿ ಕರೆಂಟೇ ಇರುವುದಿಲ್ಲ. ರೆಸಿಸ್ಟರ್ ಇರಲಿ, ತುಂಡಾಗಿರಲಿ, ಬಿಚ್ಚಿ ಮನೆಗೆ ಒಯ್ದಿರಲಿ, ವೈಂಡಿಂಗ್ ರೆಸಿಸ್ಟೆನ್ಸ್ ಅಷ್ಟೇ ಬರುತ್ತದೆ. ರೇಶಿಯೊ ಕೂಡ ಅಷ್ಟೇ. ಇನ್ನೂ ಒಂದು: ನಾವು ಪ್ರತಿ ಟ್ಯಾಪ್ ಬದಲಿಸುವ ಮುಂಚೆ ಮೀಟರಿನ ಕರೆಂಟ್ ಇಳಿಸಿ, ಟ್ಯಾಪ್ ದಾಟಿಸಿ, ಮತ್ತೆ ಏರಿಸಿದ್ದೆವು. ದಾಟುವ 46 ಮಿಲಿಸೆಕೆಂಡಿನಲ್ಲಿ ಏನಾಯಿತು ಅನ್ನುವುದನ್ನು ನೋಡುವ ಅವಕಾಶ ನಮ್ಮ ಕೈಯಲ್ಲೇ ಇತ್ತು, ನಾವೇ ಅದನ್ನು ಕಳೆದುಕೊಂಡಿದ್ದೆವು.

ದಾಟುವಾಗ ಅಳೆದದ್ದು

ಡೈನಾಮಿಕ್ ರೆಸಿಸ್ಟೆನ್ಸ್ ಟೆಸ್ಟ್ ಮಾಡುವ ಉಪಕರಣ ತರಿಸಿದೆವು. ಮಾಡುವ ಬಗೆ ಸರಳ. 33 ಕೆವಿ ಕಡೆಯನ್ನು ಶಾರ್ಟ್ ಮಾಡಿ, 132 ಕೆವಿ ವೈಂಡಿಂಗಿಗೆ 10 ಆಂಪಿಯರ್ ಡಿಸಿ ಕೊಟ್ಟು, ಅದು ಹರಿಯುತ್ತಿರುವಾಗಲೇ ಟ್ಯಾಪ್ ದಾಟಿಸಬೇಕು. ಕರೆಂಟಿನ ಗೆರೆಯನ್ನು ವೇಗವಾಗಿ ದಾಖಲಿಸಬೇಕು. ಶಾರ್ಟ್ ಮಾಡುವುದು ಯಾಕೆ ಅಂದರೆ, ಇಲ್ಲದಿದ್ದರೆ ವೈಂಡಿಂಗಿನ ದೊಡ್ಡ ಇಂಡಕ್ಟೆನ್ಸ್ ಕರೆಂಟನ್ನು ಬದಲಾಗಲು ಬಿಡದೆ ಗೆರೆಯನ್ನು ನುಣ್ಣಗೆ ಮಾಡಿಬಿಡುತ್ತದೆ.

ಆರ್ ಫೇಸಿನ ಗೆರೆ ಪುಸ್ತಕದಲ್ಲಿ ಬರೆದ ಹಾಗೆ ಬಂತು. ಮೇನ್ ಬಿಟ್ಟ ಕೂಡಲೇ 4.3 ಓಮ್ ದಾರಿಗೆ ಸೇರಿದ್ದರಿಂದ ಕರೆಂಟ್ ಕುಸಿಯಿತು. ಎರಡೂ ರೆಸಿಸ್ಟರ್ ಒಟ್ಟಿಗಿದ್ದಾಗ ಅವು ಪ್ಯಾರಲಲ್, 2.15 ಓಮ್, ಹಾಗಾಗಿ ನಡುವೆ ಒಂದು ಚಿಕ್ಕ ಗುಡ್ಡ. ಮತ್ತೆ 4.3, ಮತ್ತೆ ಕುಸಿತ. ಆಮೇಲೆ ಪೂರ್ತಿ ಮೇಲೆ. ಎರಡು ಗುಳಿ, ನಡುವೆ ಒಂದು ಗುಡ್ಡ. ಬಿ ಫೇಸಿನದೂ ಹಾಗೇ; ಈ ಬಿ ಆರ್, ವೈ, ಬಿ ಎಂಬ ಮೂರು ಫೇಸ್‌ಗಳಲ್ಲಿ ಒಂದರ ಹೆಸರು, ಬಿ ಕಡೆ ಅಲ್ಲ.

ವೈ ಫೇಸಿನಲ್ಲಿ 7ರಿಂದ 8ಕ್ಕೆ ದಾಟಿಸಿದಾಗ ಮೇನ್ ಬಿಟ್ಟ ಕೂಡಲೇ ಗೆರೆ ನೇರ ಸೊನ್ನೆಗೆ ಬಿತ್ತು. 18 ಮಿಲಿಸೆಕೆಂಡ್ ಹತ್ತಿರ ಸ್ವಲ್ಪ ಎದ್ದಿತು, ನಡುವಿನ ಗುಡ್ಡ ಇಲ್ಲವೇ ಇಲ್ಲ, ಕೊನೆಗೆ ಪೂರ್ತಿ ಮೇಲಕ್ಕೆ ಹೋಯಿತು. ಪರದೆಯ ಮುಂದೆ ನಾಲ್ಕು ಜನ ಇದ್ದೆವು, ಒಬ್ಬರೂ ಮಾತಾಡಲಿಲ್ಲ.

ಆಮೇಲೆ 8ರಿಂದ 7ಕ್ಕೆ ದಾಟಿಸಿದೆವು. ಈ ಸಲ ಮೊದಲ ಭಾಗ ಸರಿಯಾಗಿತ್ತು, ಸೊನ್ನೆ ಬಂದದ್ದು ಕೊನೆಯ ಭಾಗದಲ್ಲಿ. ನನಗೆ ಈ ಪ್ರಕರಣದಲ್ಲಿ ತುಂಬ ಹಿಡಿಸಿದ್ದು ಇದೇ. ಯಾವ ರೆಸಿಸ್ಟರ್ ಕೆಟ್ಟಿದೆ ಅಂತ ಮುಚ್ಚಳ ತೆಗೆಯದೆಯೇ ಗೊತ್ತಾಯಿತು. ಎ ಕಡೆಯಿಂದ ಹೊರಡುವಾಗ ಶುರುವಿನಲ್ಲಿ ಕಡಿತ, ಎ ಕಡೆಗೆ ಮರಳುವಾಗ ಕೊನೆಯಲ್ಲಿ ಕಡಿತ. ಅಂದರೆ ಎರಡೂ ಸಲ ಎ ರೆಸಿಸ್ಟರ್ ಹೊರಬೇಕಾದ ಗಳಿಗೆಯಲ್ಲೇ ಕರೆಂಟ್ ಇಲ್ಲ. ತೊಂದರೆ ಬಿ ರೆಸಿಸ್ಟರಿನಲ್ಲಿ ಇದ್ದಿದ್ದರೆ ಇದು ತಿರುಗುಮುರುಗಾಗಿರುತ್ತಿತ್ತು.

ಒಳಗೆ ಸಿಕ್ಕಿದ್ದು

ಎಣ್ಣೆ ಇಳಿಸಿ, ಡೈವರ್ಟರ್ ಇನ್ಸರ್ಟನ್ನು ಕ್ರೇನಿನಲ್ಲಿ ಎತ್ತಿದೆವು. ವೈ ಫೇಸಿನ ಎ ರೆಸಿಸ್ಟರ್ ತಂತಿ ಲಗ್‌ನ ಪಕ್ಕದಲ್ಲೇ ತುಂಡಾಗಿತ್ತು. ತುಂಡಾದ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಕರಗಿದ ಲೋಹದ ಮಣಿ. ಆ ಲಗ್ ಹಿಡಿದ ಬೋಲ್ಟ್ ಬೆರಳಲ್ಲೇ ಅರ್ಧ ಸುತ್ತು ತಿರುಗಿತು. ಬೋಲ್ಟ್ ಸಡಿಲವಾಗದಂತೆ ಮಡಿಚಬೇಕಾದ ಲಾಕ್ ತಗಡು ನೆಟ್ಟಗೆ ನಿಂತಿತ್ತು. ಉಳಿದ ಐದು ರೆಸಿಸ್ಟರ್‌ಗಳಲ್ಲಿ ತಗಡು ಮಡಿಚಿತ್ತು, ಮೌಲ್ಯ 4.2ರಿಂದ 4.4 ಓಮ್‌ವರೆಗೆ ಇತ್ತು.

14 ತಿಂಗಳ ಹಿಂದೆ ಈ ಡೈವರ್ಟರ್ ಓವರ್‌ಹಾಲ್ ಆಗಿತ್ತು. ಆಗ ಕಾಂಟ್ಯಾಕ್ಟ್ ಬದಲಿಸಲು ಆ ಬೋಲ್ಟ್ ಬಿಚ್ಚಿದ್ದರು. ಮರಳಿ ಹಾಕುವಾಗ ಒಂದು ತಗಡು ಮಡಿಚುವುದು ಬಿಟ್ಟುಹೋಗಿದೆ. ಪ್ರತಿ ನೆಗೆತಕ್ಕೂ ಇನ್ಸರ್ಟ್ ಪೂರ್ತಿ ಅದುರುತ್ತದೆ. ಬೋಲ್ಟ್ ನಿಧಾನವಾಗಿ ಸಡಿಲವಾಗಿ, ತಂತಿ ಅಲ್ಲಾಡಿ ಅಲ್ಲಾಡಿ ಸೀಳಿ, ಉಳಿದ ಎಳೆ ಒಂದು ದಿನ ಕರಗಿದೆ. ಓವರ್‌ಹಾಲ್ ವರದಿ ತೆಗೆದು ನೋಡಿದೆ. ಅದರಲ್ಲಿ ಕಾಂಟ್ಯಾಕ್ಟ್ ಸವೆತ ಇದೆ, ಎಣ್ಣೆ ಎಷ್ಟು ವೋಲ್ಟೇಜ್ ತಡೆಯುತ್ತದೆ ಅನ್ನುವ ಬಿಡಿವಿ ಇದೆ, ವೈಂಡಿಂಗ್ ರೆಸಿಸ್ಟೆನ್ಸ್ ಇದೆ. ರೆಸಿಸ್ಟರ್ ಅಳೆದದ್ದಕ್ಕೆ ಸಾಲೇ ಇಲ್ಲ.

ರೆಸಿಸ್ಟರ್ ತುಂಡಾದ ಮೇಲೂ ಅದು ಕೆಲವು ದಿನ ನಡೆದದ್ದು ಹೇಗೆ? ಎ ಮೇನ್ ಬಿಟ್ಟಾಗ ಲೋಡಿಗೆ ಬೇರೆ ದಾರಿ ಇಲ್ಲ. ಹಾಗಾಗಿ ಅದು ಆರ್ಕ್ ಆಗಿ ಅಲ್ಲೇ ಉರಿಯುತ್ತದೆ. ನಡುವೆ ಸೊನ್ನೆ ಬಂದರೂ ಆರುವುದಿಲ್ಲ, ಯಾಕೆಂದರೆ ಆಗ ಕಾಂಟ್ಯಾಕ್ಟಿನ ಮೇಲೆ ಬೀಳುವುದು ಒಂದು ಸ್ಟೆಪ್ಪಿನ ವೋಲ್ಟೇಜ್ ಅಲ್ಲ, ಸಿಸ್ಟಮ್ಮಿನ ವೋಲ್ಟೇಜ್. 18 ಮಿಲಿಸೆಕೆಂಡಿಗೆ ಬಿ ರೆಸಿಸ್ಟರ್ ಬಂದಾಗ ಮಾತ್ರ ಲೋಡಿಗೆ ದಾರಿ ಸಿಗುತ್ತದೆ. ಆಮೇಲೆ ಉಳಿದ 28 ಮಿಲಿಸೆಕೆಂಡಿನಲ್ಲಿ ಎರಡು ಮೂರು ಸೊನ್ನೆ ಸಿಗುತ್ತವೆ, ಸಾಮಾನ್ಯವಾಗಿ ಆರ್ಕ್ ಆರುತ್ತದೆ. ಸಾಮಾನ್ಯವಾಗಿ. ಆದರೆ ಈ ಹೊತ್ತಿನಲ್ಲಿ ಸುತ್ತುವ ಕರೆಂಟಿಗೆ ಅಡ್ಡ ಇರುವುದು ಎರಡಲ್ಲ, ಒಂದೇ ರೆಸಿಸ್ಟರ್. 110 ಬದಲು 220 ಆಂಪಿಯರ್. ಪ್ರತಿ ಸಲವೂ ಕಾಂಟ್ಯಾಕ್ಟ್ ತುದಿ ಹೆಚ್ಚು ಸವೆಯಿತು, ಎಣ್ಣೆ ಹೆಚ್ಚು ಕಪ್ಪಾಯಿತು. ಆ ಸಂಜೆ ಬಿ ಮೇನ್ ಮುಚ್ಚುವವರೆಗೂ ಆರ್ಕ್ ಆರಲಿಲ್ಲ. ಬಿ ಮೇನ್ ಮುಚ್ಚಿದ ಕೂಡಲೇ ಆ 950 ವೋಲ್ಟಿನ ಸುತ್ತು ಆರ್ಕ್ ಮೂಲಕವೇ ಶಾರ್ಟ್ ಆಯಿತು. ರೆಸಿಸ್ಟರ್‌ಗಳು ತಡೆಯಬೇಕಿದ್ದದ್ದು ಇದನ್ನೇ. ವೈ ಫೇಸಿನ ಎ ಕಡೆಯ ಟಂಗ್‌ಸ್ಟನ್ ತುದಿ ಅರ್ಧಕ್ಕಿಂತ ಹೆಚ್ಚು ಹೋಗಿತ್ತು, ಬಿ ಕಡೆಯದು ಹೊಸದರಂತಿತ್ತು.

8ರಿಂದ 7ಕ್ಕೆ ಬರುವಾಗ ಇಷ್ಟು ಅಪಾಯ ಇರಲಿಲ್ಲ. ಆಗ ಆರ್ಕ್ ಆಗುವುದು ಬಿ ರೆಸಿಸ್ಟರಿನ ಕಾಂಟ್ಯಾಕ್ಟಿನಲ್ಲಿ, ಅದರ ಜೊತೆಗೆ 4.3 ಓಮ್ ಸಾಲಾಗಿ ಇದ್ದೇ ಇರುತ್ತದೆ. ಎ ಮೇನ್ ಮುಚ್ಚಿದರೂ ಪೂರ್ತಿ ಶಾರ್ಟ್ ಆಗುವುದಿಲ್ಲ. ಟ್ರಿಪ್ ಬೆಸದಿಂದ ಸಮಕ್ಕೆ ಹೋಗುವಾಗಲೇ ಆದದ್ದು ಆಕಸ್ಮಿಕ ಅಲ್ಲ ಅಂತ ನಾನು ನಂಬುತ್ತೇನೆ.

ಕಷ್ಟದ ತೀರ್ಮಾನ

ಬಿಡಿ ರೆಸಿಸ್ಟರ್ ಸ್ಟೋರಿನಲ್ಲಿ ಇರಲಿಲ್ಲ. ತಯಾರಕರಿಂದ ಬರಲು ವಾರಗಳು ಬೇಕಿದ್ದವು. ಪಕ್ಕದ ಟ್ರಾನ್ಸ್‌ಫಾರ್ಮರ್ ಒಂದೇ ಪೂರ್ತಿ ಲೋಡ್ ಹೊರುವುದಿಲ್ಲ. ಆಗ ಒಂದು ಸಲಹೆ ಬಂತು: ಬೇರೆ ಮಾದರಿಯ 8.6 ಓಮ್ ರೆಸಿಸ್ಟರ್ ಸೆಟ್ ಇದೆ, ಅದನ್ನೇ ಹಾಕೋಣ, ಸುತ್ತುವ ಕರೆಂಟ್ ಇನ್ನೂ ಕಡಿಮೆಯಾಗುತ್ತದೆ, ಒಳ್ಳೆಯದೇ ಅಲ್ವಾ?

ಕೇಳಲು ಸರಿ ಅನ್ನಿಸುತ್ತದೆ. ಸುತ್ತುವ ಕರೆಂಟ್ ನಿಜಕ್ಕೂ 55 ಆಂಪಿಯರ್‌ಗೆ ಇಳಿಯುತ್ತದೆ. ಆದರೆ ರೆಸಿಸ್ಟರ್ ಲೋಡನ್ನೂ ಹೊರುತ್ತದೆ. ಮೇನ್ ಬಿಟ್ಟಾಗ ಅದರ ಮೇಲೆ ಬೀಳುವ ವೋಲ್ಟೇಜ್ ಅಂದರೆ ಲೋಡ್ ಕರೆಂಟ್ ಗುಣಿಸು ಓಮ್. 4.3ಕ್ಕೆ ಅದು ಸುಮಾರು 950 ವೋಲ್ಟ್, 8.6ಕ್ಕೆ 1,900. ರೆಸಿಸ್ಟರ್ ಕಾಂಟ್ಯಾಕ್ಟ್ ಬಿಡುವಾಗ ಕಷ್ಟದ ದಿಕ್ಕಿನಲ್ಲಿ ಅದಕ್ಕೆ ಸ್ಟೆಪ್ ವೋಲ್ಟೇಜೂ ಸೇರುತ್ತದೆ: 1,900 ಇದ್ದದ್ದು 2,850 ವೋಲ್ಟ್ ಆಗುತ್ತದೆ. ಆರ್ಕ್ ಆರಿಸಲು ಕಾಂಟ್ಯಾಕ್ಟ್‌ಗೆ ಅಷ್ಟು ತಾಕತ್ತು ಇಲ್ಲ. ಅರ್ಧ ಮೌಲ್ಯದ್ದು ಹಾಕಿದರೆ ಇದರ ಉಲ್ಟಾ, ಕಡಿಯಬೇಕಾದ ಕರೆಂಟ್ 220 ಇದ್ದದ್ದು 330 ಆಂಪಿಯರ್ ಆಗುತ್ತದೆ. ಸ್ಟೆಪ್ ವೋಲ್ಟೇಜನ್ನು ಲೋಡ್ ಕರೆಂಟಿನಿಂದ ಭಾಗಿಸಿದಷ್ಟರ ಆಸುಪಾಸಿನಲ್ಲಿ ಮೌಲ್ಯ ಆರಿಸುವುದು ಈ ಎರಡರ ನಡುವಿನ ರಾಜಿ. ಅದನ್ನು ಸ್ಟೋರಿನಲ್ಲಿ ಸಿಕ್ಕಿದ್ದಕ್ಕೆ ಹೊಂದಿಸಲು ಬರುವುದಿಲ್ಲ.

ನಾವು ಹಿಡಿದ ದಾರಿ ಬೇರೆ. ಡೈವರ್ಟರ್ ಕೂತಿರುವಾಗ ರೆಸಿಸ್ಟರಿಗೆ ಕೆಲಸವೇ ಇಲ್ಲ. ಹಾಗಿದ್ದರೆ ಕೂರಿಸಿಯೇ ಬಿಡೋಣ. ಕೋಣೆ ತೊಳೆದು, ಕಾಂಟ್ಯಾಕ್ಟ್ ಬದಲಿಸಿ, ಹೊಸ ಎಣ್ಣೆ ತುಂಬಿ, ಬಿಡಿವಿ ನೋಡಿ, ಆಫ್ ಇರುವಾಗಲೇ 8ನೇ ಟ್ಯಾಪ್‌ಗೆ ತಂದು, ಮೋಟಾರಿನ ಸಪ್ಲೈ ತೆಗೆದು, ಕೈಹಿಡಿ ಹಾಕುವ ಜಾಗಕ್ಕೂ ಬೀಗ ಹಾಕಿದೆವು. ಸರ್ಜ್ ರಿಲೇ ಬಿದ್ದರೆ ಟ್ರಿಪ್ ಆಗುವ ವ್ಯವಸ್ಥೆಯನ್ನು ಹಾಗೇ ಉಳಿಸಿದೆವು. ಪಕ್ಕದ ಟ್ರಾನ್ಸ್‌ಫಾರ್ಮರನ್ನೂ ಆಟೊದಿಂದ ತೆಗೆದು ಹೊಂದುವ ಟ್ಯಾಪ್‌ನಲ್ಲಿ ನಿಲ್ಲಿಸಿದೆವು. ಅದರ ಟ್ಯಾಪ್ ಮಾತ್ರ ಬದಲಾಗುತ್ತ ಹೋದರೆ ಎರಡು ಟ್ರಾನ್ಸ್‌ಫಾರ್ಮರ್‌ಗಳ ನಡುವೆ ಕರೆಂಟ್ ಸುತ್ತಲು ಶುರುವಾಗುತ್ತದೆ. ಅದು ಬೇರೆಯೇ ಬಗೆಯ ಸುತ್ತುವ ಕರೆಂಟ್, ಅದಕ್ಕೆ ಈ ರೆಸಿಸ್ಟರ್‌ಗಳ ಸಂಬಂಧವಿಲ್ಲ. ವೋಲ್ಟೇಜ್ ಸಂಜೆ ಸ್ವಲ್ಪ ಕಡಿಮೆ, ರಾತ್ರಿ ಸ್ವಲ್ಪ ಜಾಸ್ತಿ ಬಂತು. ಕೆಪಾಸಿಟರ್ ಬ್ಯಾಂಕ್ ಹಾಕಿ ತೆಗೆದು ನಿಭಾಯಿಸಿದೆವು.

ಐದನೇ ವಾರ ರೆಸಿಸ್ಟರ್ ಬಂತು. ಹಾಕಿದೆವು, ಆರೂ ಅಳೆದೆವು, ಆರೂ ತಗಡು ಮಡಿಚಿದ್ದನ್ನು ಇಬ್ಬರು ಬೇರೆ ಬೇರೆಯಾಗಿ ನೋಡಿ ಸಹಿ ಹಾಕಿದೆವು. ಡೈನಾಮಿಕ್ ಟೆಸ್ಟಿನಲ್ಲಿ ವೈ ಫೇಸಿನ ನಡುವಿನ ಗುಡ್ಡ ಮರಳಿತ್ತು.

ಈಗ ಬದಲಾದದ್ದು

ಈಗ ಓವರ್‌ಹಾಲ್ ಪಟ್ಟಿಯಲ್ಲಿ ಆರು ರೆಸಿಸ್ಟರಿನ ಓಮ್ ಬರೆಯುವ ಜಾಗ ಇದೆ, ಪಕ್ಕದಲ್ಲಿ ನೇಮ್ ಪ್ಲೇಟ್ ಮೌಲ್ಯ. ಶೇಕಡಾ 10ಕ್ಕಿಂತ ಆಚೆ ಹೋದರೆ ಇನ್ಸರ್ಟ್ ಒಳಗೆ ಹೋಗುವುದಿಲ್ಲ. ಮುಚ್ಚಳ ಹಾಕಿದ ಮೇಲೆ ಎರಡೂ ದಿಕ್ಕಿನಲ್ಲಿ ಡೈನಾಮಿಕ್ ಟೆಸ್ಟ್ ಮಾಡಿ ಗೆರೆಗಳನ್ನು ಫೈಲಿಗೆ ಹಾಕುತ್ತೇವೆ, ಮುಂದಿನ ಸಲ ಹೋಲಿಸಲು. ಒಂದು ದಿಕ್ಕು ಸಾಲದು. ಯಾವ ಕಡೆಯದು ಕೆಟ್ಟಿದೆ ಅಂತ ನಮಗೆ ಗೊತ್ತಾದದ್ದು ಎರಡೂ ಗೆರೆ ಪಕ್ಕಪಕ್ಕ ಇಟ್ಟಾಗಲೇ. ವ್ಯಾಕ್ಯೂಮ್ ಮಾದರಿಯವಕ್ಕೆ ದಾಟುವ ಕ್ರಮವೇ ಬೇರೆ, ಕೆಲವದರಲ್ಲಿ ಫೇಸಿಗೆ ಒಂದೇ ರೆಸಿಸ್ಟರ್. ಅವುಗಳ ಗೆರೆಯನ್ನು ಇದರ ಜೊತೆ ಹೋಲಿಸಬಾರದು, ಅದೇ ಮಾದರಿಯ ಹಳೆಯ ಗೆರೆ ಬೇಕು.

ಇನ್ನೊಂದು ವಿಷಯ ಲಾಗ್ ಪುಸ್ತಕ ತಿರುವುವಾಗ ಸಿಕ್ಕಿತು. ಟ್ರಿಪ್ ಆಗುವುದಕ್ಕೆ 11 ದಿನ ಮುಂಚೆ ರಾತ್ರಿ ಪಾಳಿಯ ಆಪರೇಟರ್ ಒಂದು ಸಾಲು ಬರೆದಿದ್ದರು: "ಟ್ಯಾಪ್ ಬದಲಾದಾಗ ಓಎಲ್‌ಟಿಸಿ ಬ್ರೀದರ್ ಕಪ್ಪಿನಲ್ಲಿ ಗುಳ್ಳೆ ಜಾಸ್ತಿ." ಓಎಲ್‌ಟಿಸಿ ಅಂದರೆ ಇದೇ ಟ್ಯಾಪ್ ಚೇಂಜರ್, ಬ್ರೀದರ್ ಅಂದರೆ ಅದರ ಕನ್ಸರ್ವೇಟರ್ ಉಸಿರಾಡುವ ದಾರಿ. ಉದ್ದನೆಯ ಆರ್ಕ್ ಹುಟ್ಟಿಸಿದ ಗ್ಯಾಸ್ ಕನ್ಸರ್ವೇಟರ್ ದಾಟಿ ಅಲ್ಲಿಂದಲೇ ಹೊರಬರುತ್ತಿತ್ತು. ಕೆಳಗೆ ಯಾರೂ ಏನೂ ಬರೆದಿರಲಿಲ್ಲ. ಹೊಸ ರೆಸಿಸ್ಟರ್ ಹಾಕಿ ಚಾರ್ಜ್ ಮಾಡಿದ ದಿನ ಅವರನ್ನೇ ಕರೆದು ಕಪ್ಪಿನ ಮುಂದೆ ನಿಲ್ಲಿಸಿದೆವು. 7ರಿಂದ 8ಕ್ಕೆ ದಾಟಿತು. ಅವರು ಬಗ್ಗಿ ನೋಡಿ, "ಒಂದೆರಡು ಸಣ್ಣವು ಅಷ್ಟೇ ಸರ್, ಮೊದಲು ಹೀಗೇ ಇತ್ತು" ಅಂದರು. ಆ ಗುಳ್ಳೆಯ ಸಾಲು ಈಗ ಪ್ರತಿ ಪಾಳಿಯ ನಮೂನೆಯಲ್ಲಿ ಇದೆ.